ಬೆಳಗ್ಗೆ ಹಾಕಿದ ಡಿಕಾಕ್ಷನ್ ಸಂಜೆಗೆ ಘಮ ಕಳೆದುಕೊಳ್ಳುತ್ತಿದೆಯೇ? ಎಷ್ಟು ಹೊತ್ತು ಇಡಬಹುದು, ಬಿಸಿ ಮಾಡುವುದು ಹೇಗೆ? ಇಲ್ಲಿದೆ ಮಾಹಿತಿ

ಊರಿಗೆ ಹೋದಾಗ ಹುರಿಸಿ, ಪುಡಿ ಮಾಡಿಸಿಕೊಂಡು ತಂದ ಕಾಫಿ ಪುಡಿ. ಮುಂಬೈ ಅಥವಾ ಪುಣೆಯ ಮನೆಯಲ್ಲಿ ಅದನ್ನು ಅಳೆದು ಅಳೆದು ಬಳಸುವವರು ಬಹಳ ಮಂದಿ. ಬೆಳಗ್ಗೆ 6 ಗಂಟೆಗೆ ಫಿಲ್ಟರ್‌ಗೆ ಹಾಕಿದ ಡಿಕಾಕ್ಷನ್‌ನಲ್ಲಿ ಮೊದಲ ಲೋಟ ಘಮಘಮ ಎನ್ನುತ್ತದೆ. ಉಳಿದದ್ದನ್ನು ಸಂಜೆ ಒಲೆಯ ಮೇಲಿಟ್ಟು ಕುದಿಸಿದರೆ ಬಣ್ಣ ಅದೇ ಇರುತ್ತದೆ, ಕಾಫಿ ಮಾತ್ರ ಬರೀ ಕಹಿ. ತಪ್ಪು ಪುಡಿಯದ್ದಲ್ಲ, ಬಿಸಿ ಮಾಡಿದ ರೀತಿಯದ್ದು.

ಎಷ್ಟು ಹೊತ್ತು ಚೆನ್ನಾಗಿರುತ್ತದೆ?

ಡಿಕಾಕ್ಷನ್ ಪೂರ್ತಿ ಇಳಿದ ಮೇಲೆ ಮೊದಲ ಒಂದೆರಡು ಗಂಟೆ ಅದರ ಅತ್ಯುತ್ತಮ ಸಮಯ. ಮುಚ್ಚಿಟ್ಟರೆ ನಾಲ್ಕೈದು ಗಂಟೆಯವರೆಗೂ ಹೊರಗೇ ಇಟ್ಟು ಬಳಸಬಹುದು, ಆದರೆ ಪರಿಮಳ ಕಡಿಮೆಯಾಗುತ್ತಾ ಹೋಗುತ್ತದೆ. ಸಂಜೆಗೆ ಬೇಕಿದ್ದರೆ ಬೆಳಗ್ಗೆಯೇ ಫ್ರಿಜ್‌ಗೆ ಸೇರಿಸುವುದು ಒಳ್ಳೆಯದು. ಗಾಳಿಯಾಡದ ಬಾಟಲಿಯಲ್ಲಿ, ಫ್ರಿಜ್‌ನಲ್ಲಿ ಒಂದು ದಿನ ರುಚಿಯಾಗಿಯೇ ಇರುತ್ತದೆ. ಎರಡನೇ ದಿನ ಕುಡಿಯಬಹುದು, ಆದರೆ ಘಮ ಇಳಿದಿರುತ್ತದೆ. ಅದಕ್ಕಿಂತ ಹೆಚ್ಚು ದಿನ ಇಡದಿರುವುದೇ ವಾಸಿ. ಹುಳಿ ವಾಸನೆ ಬಂದರೆ, ಲೋಳೆಯಾದರೆ ಅಥವಾ ಮೇಲೆ ಬೂಷ್ಟು ಕಂಡರೆ ಚೆಲ್ಲಿಬಿಡಿ. ಮೇಲೆ ತೇಲುವ ತೆಳುವಾದ ಎಣ್ಣೆಯ ಹೊಳಪು ಕಾಫಿ ಬೀಜದ್ದೇ. ಅದು ಕೆಟ್ಟಿರುವುದರ ಗುರುತಲ್ಲ.

ಕುದಿಸಿದರೆ ಏನಾಗುತ್ತದೆ?

ಕಾಫಿಯ ಘಮ ಎಂದರೆ ಬಿಸಿಗೆ ಸುಲಭವಾಗಿ ಹಾರಿಹೋಗುವ ನೂರಾರು ಅಂಶಗಳು. ಡಿಕಾಕ್ಷನ್ ಕುದಿಯುವಾಗ ಅಡುಗೆಮನೆಯ ತುಂಬ ಕಾಫಿ ವಾಸನೆ ಹರಡುತ್ತದಲ್ಲ, ಅದೆಲ್ಲ ಲೋಟದಲ್ಲಿ ಇರಬೇಕಾಗಿದ್ದದ್ದು. ಜೊತೆಗೆ ಹೆಚ್ಚು ಹೊತ್ತಿನ ಬಿಸಿಗೆ ಕಾಫಿಯಲ್ಲಿನ ಆಮ್ಲಗಳು ಬದಲಾಗಿ ಹುಳಿ, ಒಗರು ಹೆಚ್ಚುತ್ತದೆ. ಚಿಕೋರಿ ಬೆರೆತ ಪುಡಿಯಲ್ಲಿ ಇದು ಬೇಗ ಗೊತ್ತಾಗುವುದಿಲ್ಲ. ಚಿಕೋರಿಯ ಗಾಢ ಬಣ್ಣ, ಕಹಿ ಹಾಗೆಯೇ ಉಳಿಯುವುದರಿಂದ ಡಿಕಾಕ್ಷನ್ ಗಟ್ಟಿಯಾಗಿಯೇ ಇದೆ ಅನ್ನಿಸುತ್ತದೆ. ಹಾಗಾಗಿ ಬಣ್ಣ ನೋಡಬೇಡಿ, ಮೂಸಿ ನೋಡಿ.

ಬಿಸಿ ಮಾಡಬೇಕಾದದ್ದು ಹಾಲನ್ನು

ಹೆಚ್ಚಿನ ಸಲ ಡಿಕಾಕ್ಷನ್ ಬಿಸಿ ಮಾಡುವ ಅಗತ್ಯವೇ ಇಲ್ಲ. ಲೆಕ್ಕ ಹೀಗಿದೆ: ಫ್ರಿಜ್‌ನಿಂದ ತೆಗೆದ 30 ಮಿ.ಲೀ. ಡಿಕಾಕ್ಷನ್ ಸುಮಾರು 5 ಡಿಗ್ರಿ ಸೆಲ್ಸಿಯಸ್‌ನಲ್ಲಿರುತ್ತದೆ. ಅದಕ್ಕೆ ಆಗಷ್ಟೇ ಉಕ್ಕಿದ, ಸುಮಾರು 95 ಡಿಗ್ರಿಯ 100 ಮಿ.ಲೀ. ಹಾಲು ಸುರಿದರೆ ಕಾಫಿ 74 ಡಿಗ್ರಿ ಆಸುಪಾಸಿಗೆ ಬರುತ್ತದೆ. ಲೋಟ ಒಂದಿಷ್ಟು ಬಿಸಿ ಹೀರಿಕೊಂಡರೂ ಕುಡಿಯಲು ಇದು ಸಾಕು. ಲೋಟವನ್ನು ಮೊದಲೇ ಬಿಸಿನೀರಿನಲ್ಲಿ ತೊಳೆದುಕೊಂಡರೆ ಇನ್ನೂ ಒಳ್ಳೆಯದು. ಲೋಟಕ್ಕೆ ಮೊದಲು ಸಕ್ಕರೆ, ಡಿಕಾಕ್ಷನ್ ಹಾಕಿ, ಆಮೇಲೆ ಹಾಲು ಸುರಿಯಿರಿ. ಹಾಲಿನ ಜೊತೆಗೇ ಡಿಕಾಕ್ಷನ್ ಹಾಕಿ ಕುದಿಸಬೇಡಿ.

ಆದರೆ ಸ್ಟ್ರಾಂಗ್ ಕಾಫಿ ಇಷ್ಟಪಡುವವರಿಗೆ ಈ ಲೆಕ್ಕ ಹೊಂದುವುದಿಲ್ಲ. 60 ಮಿ.ಲೀ. ತಣ್ಣನೆಯ ಡಿಕಾಕ್ಷನ್‌ಗೆ ಅಷ್ಟೇ ಹಾಲು ಬೆರೆಸಿದರೆ ಕಾಫಿ 50 ಡಿಗ್ರಿಗೆ ಇಳಿದು ಉಗುರುಬೆಚ್ಚಗಾಗುತ್ತದೆ. ಆಗ ಒಂದು ಪಾತ್ರೆಯಲ್ಲಿ ನೀರು ಕುದಿಸಿ ಒಲೆ ಆರಿಸಿ. ಬೇಕಾದಷ್ಟೇ ಡಿಕಾಕ್ಷನ್ ಅನ್ನು ಸಣ್ಣ ಸ್ಟೀಲ್ ಬಟ್ಟಲಿಗೆ ಹಾಕಿ, ಮುಚ್ಚಿ, ಆ ನೀರಿನಲ್ಲಿ ನಾಲ್ಕೈದು ನಿಮಿಷ ಇಡಿ. ಬಟ್ಟಲು ಮುಟ್ಟಿದರೆ ಚುರ್ರೆನ್ನುವಷ್ಟು ಬಿಸಿಯಾದರೆ ಸಾಕು. ಒಮ್ಮೆ ಬಿಸಿ ಮಾಡಿದ್ದನ್ನು ಮತ್ತೆ ಬಾಟಲಿಗೆ ಸುರಿಯಬೇಡಿ.

ಎತ್ತಿಡುವ ಕ್ರಮ

ಸಂಜೆಯ ಪಾಲನ್ನು ಫಿಲ್ಟರ್‌ನಲ್ಲೇ ಬಿಡದೆ, ಇಳಿದ ಕೂಡಲೇ ಒಣಗಿದ ಸಣ್ಣ ಗಾಜಿನ ಬಾಟಲಿಗೆ ಹಾಕಿ. ಬಾಟಲಿ ಹೆಚ್ಚುಕಡಿಮೆ ತುಂಬಿರಲಿ. ಒಳಗೆ ಗಾಳಿ ಕಡಿಮೆ ಇದ್ದಷ್ಟೂ ಘಮ ಹೆಚ್ಚು ಹೊತ್ತು ಉಳಿಯುತ್ತದೆ. ಮುಚ್ಚಳ ಹಾಕಿ, ಬಿಸಿ ಆರಿದ ಮೇಲೆ ಫ್ರಿಜ್‌ನಲ್ಲಿಡಿ. ಮುಚ್ಚಳ ಸಡಿಲವಿದ್ದರೆ ಪಕ್ಕದಲ್ಲಿರುವ ಈರುಳ್ಳಿ, ಸಾಂಬಾರಿನ ವಾಸನೆ ಡಿಕಾಕ್ಷನ್‌ಗೂ ಹತ್ತುತ್ತದೆ. ಅದೇ ಪುಡಿಗೆ ಮತ್ತೆ ನೀರು ಹಾಕಿ ಇಳಿಸುವ ಎರಡನೇ ಡಿಕಾಕ್ಷನ್ ತೆಳು, ಕಹಿ ಜಾಸ್ತಿ. ಅದನ್ನು ಮೊದಲನೆಯದಕ್ಕೆ ಬೆರೆಸಿದರೆ ಎರಡೂ ಹಾಳು. ಬೇರೆಯಾಗಿಟ್ಟು ಅಂದೇ ಬಳಸಿ ಮುಗಿಸಿ.

ಹೊಸ ಡಿಕಾಕ್ಷನ್‌ನ ಮೊದಲ ಲೋಟಕ್ಕೆ ಇದು ಸಮನಾಗದು. ಆದರೆ ಕಚೇರಿಯಿಂದ ದಣಿದು ಬಂದ ಸಂಜೆ, ಹಾಲು ಉಕ್ಕುವಷ್ಟರಲ್ಲಿ ಕಾಫಿ ಸಿದ್ಧ. ಊರಿನ ಪುಡಿಯೂ ವ್ಯರ್ಥವಾಗುವುದಿಲ್ಲ.