ಆಸ್ಪತ್ರೆಯ ತಂಪಿನಿಂದಲೇ ಬಿಸಿನೀರು: ಯಂತ್ರ ಎಷ್ಟು ದೊಡ್ಡದಿರಬೇಕು?

ದೊಡ್ಡ ಆಸ್ಪತ್ರೆಯ ಪ್ಲಾಂಟ್ ರೂಮಿನಲ್ಲಿ ಒಂದಕ್ಕೊಂದು ವಿರುದ್ಧವಾದ ಎರಡು ಕೆಲಸಗಳು ಒಂದೇ ಹೊತ್ತಿಗೆ ನಡೆಯುತ್ತಿರುತ್ತವೆ. ಚಿಲ್ಲರ್ ಯಂತ್ರಗಳು ನೀರನ್ನು 7 ಡಿಗ್ರಿಗೆ ತಂಪುಮಾಡಿ ಆಪರೇಷನ್ ಥಿಯೇಟರ್, ಐಸಿಯು, ಎಂಆರ್‌ಐ ಕೋಣೆಗಳಿಗೆ ಕಳಿಸುತ್ತವೆ. ಅಲ್ಲಿಂದ ಹೊತ್ತು ತಂದ ಶಾಖವನ್ನು ಚಾವಣಿಯ ಮೇಲಿನ ಕೂಲಿಂಗ್ ಟವರ್ ಗಾಳಿಗೆ ಬಿಡುತ್ತದೆ. ಪಕ್ಕದ ಕೋಣೆಯಲ್ಲೇ ವಾರ್ಡುಗಳ ಸ್ನಾನಕ್ಕೆ, ಅಡುಗೆಮನೆಗೆ ಬೇಕಾದ ಬಿಸಿನೀರಿಗಾಗಿ ಬಾಯ್ಲರ್ ಡೀಸೆಲ್ ಸುಡುತ್ತಿರುತ್ತದೆ. ಹೀಗೆ ಹೊರಗೆ ಚೆಲ್ಲುವ ಶಾಖವನ್ನು ಹಿಡಿದು ನೀರು ಕಾಯಿಸುವ ಯಂತ್ರವೇ ಶಾಖ ಮರುಬಳಕೆಯ ಚಿಲ್ಲರ್, ಅಂದರೆ ಹೀಟ್ ರಿಕವರಿ ಚಿಲ್ಲರ್.

ತತ್ವ ಸರಳ. ಮನೆಯ ಫ್ರಿಜ್‌ನ ಒಳಗೆ ತಂಪಾದಷ್ಟೂ ಹಿಂಬದಿ ಬಿಸಿಯಾಗುವ ಹಾಗೆ, ಚಿಲ್ಲರ್ ಕೂಡ ಒಂದು ಕಡೆಯಿಂದ ಶಾಖ ತೆಗೆದು ಇನ್ನೊಂದು ಕಡೆ ಹಾಕುತ್ತದೆ. ಕಂಡೆನ್ಸರ್‌ನಲ್ಲಿ ಹೊರಬೀಳುವ ಶಾಖವೆಂದರೆ ತಂಪುಮಾಡುವಾಗ ತೆಗೆದ ಶಾಖ ಮತ್ತು ಕಂಪ್ರೆಸರ್ ಉಂಡ ವಿದ್ಯುತ್ತು, ಎರಡೂ ಸೇರಿದ್ದು. ಸಾಮಾನ್ಯ ಚಿಲ್ಲರ್‌ನಲ್ಲಿ ಆ ಶಾಖ ಸುಮಾರು 35 ಡಿಗ್ರಿಯಲ್ಲಿ ಹೊರಬರುವುದರಿಂದ ಸ್ನಾನಕ್ಕೂ ಸಾಲದು. ಮರುಬಳಕೆಯ ಯಂತ್ರ ಹೆಚ್ಚಿನ ಒತ್ತಡದಲ್ಲಿ ನಡೆದು 65 ಡಿಗ್ರಿಯ ನೀರು ಕೊಡುತ್ತದೆ. ಇದಕ್ಕೆ ಬೆಲೆಯೂ ಇದೆ: ಅಷ್ಟೇ ತಂಪಿಗೆ ವಿದ್ಯುತ್ತು ಎರಡು ಪಟ್ಟಿಗಿಂತ ಹೆಚ್ಚು ಬೇಕು. ಅಂದಾಜಿಗೆ, ಒಂದು ಯೂನಿಟ್ ವಿದ್ಯುತ್ತಿನಿಂದ ಮೂರು ಯೂನಿಟ್ ಬಿಸಿ, ಎರಡು ಯೂನಿಟ್ ತಂಪು ಸಿಗುತ್ತದೆ. ಬಿಸಿಯೂ ತಂಪೂ ಎರಡೂ ಬಳಕೆಯಾದಾಗ ಮಾತ್ರ ಇದು ಲಾಭದ ಲೆಕ್ಕ. ಯಾವುದಾದರೂ ಒಂದು ಬೇಡವಾದರೆ ಯಂತ್ರವನ್ನು ನಡೆಸುವುದೇ ನಷ್ಟ.

ಯಂತ್ರದ ಗಾತ್ರದ ಪ್ರಶ್ನೆ ಹುಟ್ಟುವುದೇ ಇಲ್ಲಿ. ಬೆಂಗಳೂರಿನಲ್ಲಿ 300 ಹಾಸಿಗೆಗಳ ಒಂದು ಆಸ್ಪತ್ರೆಯನ್ನು ಉದಾಹರಣೆಗೆ ಊಹಿಸಿಕೊಳ್ಳಬಹುದು. ಏಪ್ರಿಲ್ ಮಧ್ಯಾಹ್ನ ಅಲ್ಲಿ 400 ಟನ್ ತಂಪು ಬೇಕಾಗುತ್ತದೆ. ಒಂದು ಟನ್ ಎಂದರೆ ಸುಮಾರು 3.5 ಕಿಲೋವ್ಯಾಟ್. ಈ ದೊಡ್ಡ ಅಂಕಿಯನ್ನು ನೋಡಿ ಅದರ ಕಾಲುಭಾಗಕ್ಕಾದರೂ, ಅಂದರೆ 100 ಟನ್ನಿಗೆ, ಮರುಬಳಕೆಯ ಯಂತ್ರ ಹಾಕೋಣ ಎನ್ನುವ ಸಲಹೆ ಸಹಜವಾಗಿ ಬರುತ್ತದೆ. ಆದರೆ ಲೆಕ್ಕ ಶುರುವಾಗಬೇಕಾದದ್ದು ತಂಪಿನಿಂದಲ್ಲ, ಬಿಸಿನೀರಿನಿಂದ.

ಬಿಸಿನೀರಿನ ಬೇಡಿಕೆಯನ್ನು ಅಳೆದೇ ತಿಳಿಯುವುದು ಒಳ್ಳೆಯದು. ಬಿಸಿನೀರಿನ ಟ್ಯಾಂಕಿಗೆ ತಣ್ಣೀರು ತುಂಬುವ ಪೈಪಿಗೆ ಹೊರಗಿನಿಂದ ಕಟ್ಟುವ ಅಲ್ಟ್ರಾಸಾನಿಕ್ ಮೀಟರ್ ಹಾಕಿ, ಎರಡು ವಾರ ಗಂಟೆಗಂಟೆಯ ಹರಿವನ್ನು ದಾಖಲಿಸಿದರೆ ಸಾಕು. ಕೈಪಿಡಿಗಳು ಹಾಸಿಗೆಗೆ ಇಷ್ಟು ಲೀಟರ್ ಎಂದು ಕೊಡುವ ಅಂಕಿಯಲ್ಲಿ ಲಾಂಡ್ರಿಯೂ ಸೇರಿರಬಹುದು. ಬಟ್ಟೆ ಒಗೆಯುವುದನ್ನು ಹೊರಗಿನವರಿಗೆ ಗುತ್ತಿಗೆ ಕೊಟ್ಟ ಆಸ್ಪತ್ರೆಗೆ ಆ ಅಂಕಿ ಹೊಂದುವುದಿಲ್ಲ. ಶಸ್ತ್ರಚಿಕಿತ್ಸೆಯ ಉಪಕರಣಗಳನ್ನು ಕ್ರಿಮಿಮುಕ್ತಗೊಳಿಸುವ ಆಟೋಕ್ಲೇವ್‌ಗಳಿಗೆ 121 ಅಥವಾ 134 ಡಿಗ್ರಿಯ ಹಬೆ ಬೇಕು. ಅದು ಈ ಯಂತ್ರದ ಕೈಗೆ ಎಟುಕುವ ಕೆಲಸವಲ್ಲವಾದ್ದರಿಂದ ಲೆಕ್ಕದಿಂದ ಹೊರಗಿಡಬೇಕು.

ನಮ್ಮ ಉದಾಹರಣೆಯಲ್ಲಿ ಹಾಸಿಗೆಗೆ ದಿನಕ್ಕೆ 100 ಲೀಟರಿನಂತೆ 30,000 ಲೀಟರ್ ಬಿಸಿನೀರು ಬೇಕೆಂದು ಮೀಟರ್ ತೋರಿಸಿತೆನ್ನೋಣ. ಸಂಪಿನ ನೀರು 22 ಡಿಗ್ರಿ ಇದ್ದರೆ ಅದನ್ನು 60ಕ್ಕೆ ಏರಿಸಲು ದಿನಕ್ಕೆ ಸುಮಾರು 1,325 ಯೂನಿಟ್ ಶಾಖ ಬೇಕು. ಅಷ್ಟಕ್ಕೇ ಮುಗಿಯುವುದಿಲ್ಲ. ನಲ್ಲಿ ತಿರುಗಿಸಿದ ಕೂಡಲೇ ಬಿಸಿನೀರು ಬರಲೆಂದು ಆಸ್ಪತ್ರೆಯ ಪೈಪುಗಳಲ್ಲಿ ಹಗಲೂ ರಾತ್ರಿ ಬಿಸಿನೀರು ಸುತ್ತುತ್ತಲೇ ಇರುತ್ತದೆ. ಆ ಪೈಪುಗಳು ಗಾಳಿಗೆ ಬಿಟ್ಟುಕೊಡುವ ಶಾಖವನ್ನು 15 ಕಿಲೋವ್ಯಾಟ್ ಎಂದು ಹಿಡಿದರೆ ದಿನಕ್ಕೆ ಇನ್ನೂ 360 ಯೂನಿಟ್. ಒಟ್ಟು 1,685 ಯೂನಿಟ್ ಆಯಿತು. ಈ ಸುತ್ತುನೀರಿನ ನಷ್ಟವನ್ನು ಮರೆತ ಲೆಕ್ಕಗಳು ಕಾಗದದ ಮೇಲೆ ಸರಿಯಾಗಿಯೇ ಕಾಣುತ್ತವೆ. ಯಂತ್ರ ಬಂದ ಮೇಲೆ ಮಾತ್ರ ದಿನದ ಕೊನೆಗೆ ಟ್ಯಾಂಕು ಪೂರ್ತಿ ಕಾಯುವುದಿಲ್ಲ.

ಇಷ್ಟು ಶಾಖವನ್ನು 24 ಗಂಟೆಗೆ ಹಂಚಿದರೆ ಸರಾಸರಿ 70 ಕಿಲೋವ್ಯಾಟ್. ದುರಸ್ತಿಗೆ, ಬೇಡಿಕೆಯ ಏರಿಳಿತಕ್ಕೆ ಬಿಡುವಿರಲೆಂದು ದಿನಕ್ಕೆ 17 ಗಂಟೆ ನಡೆಯುವ ಯಂತ್ರವನ್ನು ಆರಿಸಿದರೆ 100 ಕಿಲೋವ್ಯಾಟ್ ಶಾಖ ಕೊಡುವಂಥದು ಸಾಕು. ಅದು 33 ಕಿಲೋವ್ಯಾಟ್ ವಿದ್ಯುತ್ತು ತಿಂದು 67 ಕಿಲೋವ್ಯಾಟ್ ತಂಪು ಕೊಡುತ್ತದೆ, ಅಂದರೆ 19 ಟನ್. 400 ಟನ್ನಿನ ಆಸ್ಪತ್ರೆಗೆ ಬೇಕಾದದ್ದು 19 ಟನ್ನಿನ ಮರುಬಳಕೆಯ ಯಂತ್ರ ಎಂದಾಗ ಅದು ತೀರ ಚಿಕ್ಕದಾಯಿತೆಂದು ಅನೇಕರಿಗೆ ಅನ್ನಿಸುತ್ತದೆ. ಆದರೂ ಸರಿಯಾದ ಅಳತೆ ಅದೇ.

ಯಾಕೆಂದು ತಿಳಿಯಲು 100 ಟನ್ನಿನ ಯಂತ್ರ ಹಾಕಿದ್ದರೆ ಏನಾಗುತ್ತಿತ್ತೆಂದು ನೋಡಬೇಕು. ಅದು ಸುಮಾರು 525 ಕಿಲೋವ್ಯಾಟ್ ಶಾಖ ಕೊಡುತ್ತದೆ, ಇಡೀ ದಿನದ ಬಿಸಿನೀರಿನ ಕೆಲಸವನ್ನು ಮೂರೇಕಾಲು ಗಂಟೆಯಲ್ಲಿ ಮುಗಿಸುತ್ತದೆ. ನಡುರಾತ್ರಿ ಯಾರೂ ನಲ್ಲಿ ತಿರುಗಿಸದಿರುವಾಗ ಬೇಕಾದದ್ದು ಸುತ್ತುನೀರಿನ 15 ಕಿಲೋವ್ಯಾಟ್ ಮಾತ್ರ. ಯಂತ್ರ ಎಷ್ಟೇ ಇಳಿದು ನಡೆದರೂ, ಕಾಲುಭಾಗಕ್ಕೇ ಇಳಿದರೂ, 130 ಕಿಲೋವ್ಯಾಟ್ ಕೊಟ್ಟೇ ಕೊಡುತ್ತದೆ. ಟ್ಯಾಂಕಿನ ಮೇಲ್ಭಾಗದ 2,000 ಲೀಟರ್ 5 ಡಿಗ್ರಿ ಇಳಿದಾಗ ಶುರುವಾದ ಯಂತ್ರ ಆರು ನಿಮಿಷದಲ್ಲಿ ನೀರು ಕಾಯಿಸಿ ನಿಂತುಬಿಡುತ್ತದೆ. ಇಂಥ ಚಿಕ್ಕ ಓಟಗಳಲ್ಲಿ ಕಂಪ್ರೆಸರ್‌ನಿಂದ ಹೊರಟ ಎಣ್ಣೆ ಸರಿಯಾಗಿ ಹಿಂದಿರುಗುವುದಿಲ್ಲ. ಯಂತ್ರ ತನ್ನ ಹದಕ್ಕೆ ಬರುವಷ್ಟರಲ್ಲೇ ನಿಲ್ಲುವುದರಿಂದ ವಿದ್ಯುತ್ತೂ ವ್ಯರ್ಥ. ತೊಂದರೆಯನ್ನು ಪತ್ತೆ ಹಚ್ಚುವುದು ಕಷ್ಟವಲ್ಲ: ಯಂತ್ರದ ಫಲಕದಲ್ಲಿ ಒಟ್ಟು ನಡೆದ ಗಂಟೆಗಳನ್ನು ಒಟ್ಟು ಶುರುವಾದ ಸಲಗಳಿಂದ ಭಾಗಿಸಬೇಕು. ಒಂದು ಓಟದ ಸರಾಸರಿ ಅರ್ಧ ಗಂಟೆಗಿಂತ ಬಹಳ ಕಡಿಮೆ ಬಂದರೆ ಗಾತ್ರವೋ ನಿಯಂತ್ರಣವೋ ತಪ್ಪಿದೆ ಎಂದೇ ಅರ್ಥ.

ಬಿಸಿಯ ಕಡೆಯಿಂದ ಗಾತ್ರ ಗೊತ್ತಾದ ಮೇಲೆ ತಂಪಿನ ಕಡೆಯ ಪರೀಕ್ಷೆ. ಇಲ್ಲಿ ನೋಡಬೇಕಾದದ್ದು ಏಪ್ರಿಲ್ ಮಧ್ಯಾಹ್ನವನ್ನಲ್ಲ, ಜನವರಿಯ ಬೆಳಗಿನ ಜಾವ ನಾಲ್ಕು ಗಂಟೆಯನ್ನು. ಬೆಂಗಳೂರಿನಲ್ಲಿ ಆಗ ಹೊರಗಿನ ಗಾಳಿಯೇ 15–16 ಡಿಗ್ರಿ ಇರುತ್ತದೆ, ಹೊರರೋಗಿ ವಿಭಾಗ ಮುಚ್ಚಿರುತ್ತದೆ. ಉಳಿದಿರುವುದು ಐಸಿಯು, ಎಂಆರ್‌ಐ, ಸರ್ವರ್ ಕೋಣೆ ಮತ್ತು ತುರ್ತು ಥಿಯೇಟರ್ ಮಾತ್ರ. ಆಗಲೂ 45 ಟನ್ ಬೇಡಿಕೆ ಇದ್ದರೆ 19 ಟನ್ನಿನ ಯಂತ್ರಕ್ಕೆ ಕೆಲಸಕ್ಕೇನೂ ಕೊರತೆಯಿಲ್ಲ. ರಾತ್ರಿಯ ಬೇಡಿಕೆ 12 ಟನ್ನಿಗೆ ಇಳಿಯುವ ಚಿಕ್ಕ ಆಸ್ಪತ್ರೆಯಾಗಿದ್ದರೆ ಗಾತ್ರ ನಿರ್ಧರಿಸುವುದು ತಂಪು, ಬಿಸಿನೀರಲ್ಲ. ಪ್ರತಿ ಗಂಟೆಯಲ್ಲೂ ಎರಡು ಬೇಡಿಕೆಗಳಲ್ಲಿ ಯಾವುದು ಕಡಿಮೆಯೋ ಅದೇ ಯಂತ್ರಕ್ಕೆ ಮಿತಿ.

ಆದರೆ ಬಿಸಿನೀರಿನ ಬೇಡಿಕೆ ದಿನವಿಡೀ ಒಂದೇ ಸಮನೆ ಇರುವುದಿಲ್ಲ. ಬೆಳಗ್ಗೆ ಆರರಿಂದ ಒಂಬತ್ತರೊಳಗೆ ವಾರ್ಡುಗಳ ಸ್ನಾನ, ಅಡುಗೆಮನೆ ಎಲ್ಲ ಒಟ್ಟಿಗೆ ಬಂದು ದಿನದ ಶೇ. 40ರಷ್ಟು, ಅಂದರೆ 12,000 ಲೀಟರ್, ಖರ್ಚಾಗುತ್ತದೆಂದು ಇಟ್ಟುಕೊಳ್ಳೋಣ. ಅದಕ್ಕೂ ಸುತ್ತುನೀರಿಗೂ ಸೇರಿ 575 ಯೂನಿಟ್ ಶಾಖ ಬೇಕು. ಯಂತ್ರ ಮೂರು ಗಂಟೆಯಲ್ಲಿ ಕೊಡುವುದು 300. ಉಳಿದ 275 ಯೂನಿಟ್ ಟ್ಯಾಂಕಿನಲ್ಲಿ ಮೊದಲೇ ಕೂಡಿಟ್ಟಿರಬೇಕು. ಸಾವಿರ ಲೀಟರ್ ಬಿಸಿನೀರಿನಲ್ಲಿ 44 ಯೂನಿಟ್ ಇರುತ್ತದೆ, ಹಾಗಾಗಿ 6,200 ಲೀಟರ್ ಬೇಕು. ಟ್ಯಾಂಕಿನ ನೀರೆಲ್ಲ ಬಿಸಿಯಾಗಿಯೇ ಹೊರಬರುವುದಿಲ್ಲ, ಮುಕ್ಕಾಲು ಭಾಗ ಮಾತ್ರ ದಕ್ಕುತ್ತದೆಂದು ಹಿಡಿದರೆ 8,300 ಲೀಟರ್ ಆಗುತ್ತದೆ. 4,500 ಲೀಟರಿನ ಎರಡು ಟ್ಯಾಂಕು ಸರಿಹೋಗುತ್ತವೆ, ಒಂದನ್ನು ತೊಳೆಯುವಾಗ ಇನ್ನೊಂದು ನಡೆಯುತ್ತಿರುತ್ತದೆ. ಬೆಳಗಿನ ನೂಕುನುಗ್ಗಲನ್ನು ನಿಭಾಯಿಸಲು ಯಂತ್ರ ದೊಡ್ಡದು ಮಾಡುವುದಕ್ಕಿಂತ ಟ್ಯಾಂಕು ದೊಡ್ಡದು ಮಾಡುವುದು ಅಗ್ಗ.

ಟ್ಯಾಂಕು ಎತ್ತರವಾಗಿ, ಸಣ್ಣ ಸುತ್ತಳತೆಯದಾಗಿ ಇದ್ದರೆ ಬಿಸಿನೀರು ಮೇಲೆ, ತಣ್ಣೀರು ಕೆಳಗೆ ಪದರವಾಗಿ ನಿಲ್ಲುತ್ತದೆ. 55 ಡಿಗ್ರಿಯಲ್ಲಿ ಹಿಂದಿರುಗುವ ಸುತ್ತುನೀರನ್ನು ಟ್ಯಾಂಕಿನ ತಳಕ್ಕೆ ಜೋಡಿಸಿದರೆ ಈ ಪದರ ಕಲಕಿಹೋಗುತ್ತದೆ. ಆಗ ಯಂತ್ರಕ್ಕೆ 22 ಡಿಗ್ರಿಯ ಬದಲು 50 ದಾಟಿದ ನೀರೇ ಬರತೊಡಗಿ, ಕೊನೆಗೆ ಅದು ಹೆಚ್ಚಿನ ಒತ್ತಡದಿಂದ ಟ್ರಿಪ್ ಆಗುತ್ತದೆ. ಆ ಪೈಪನ್ನು ಟ್ಯಾಂಕಿನ ಮೇಲಿನ ಮೂರನೇ ಒಂದು ಭಾಗಕ್ಕೆ ಜೋಡಿಸುವುದು ವಾಸಿ. ವಿದ್ಯುತ್ತು ಉಳಿಸಲು ಟ್ಯಾಂಕನ್ನು 45 ಡಿಗ್ರಿಯಲ್ಲಿ ಇಡುವುದಂತೂ ಆಸ್ಪತ್ರೆಯಲ್ಲಿ ಸಲ್ಲದು. ನ್ಯುಮೋನಿಯಾ ತರುವ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ 20ರಿಂದ 45 ಡಿಗ್ರಿಯ ನೀರಿನಲ್ಲಿ ಹುಲುಸಾಗಿ ಬೆಳೆಯುತ್ತದೆ. ಟ್ಯಾಂಕು 60 ಡಿಗ್ರಿಯಲ್ಲಿರಬೇಕು, ಸುತ್ತುನೀರು ಎಲ್ಲಿಯೂ 50ಕ್ಕಿಂತ ಕೆಳಗಿಳಿಯಬಾರದು. ರೋಗಿಗಳ ಕೈ ಸುಡದಂತೆ ನಲ್ಲಿಯ ಬಳಿಯೇ ತಣ್ಣೀರು ಬೆರೆಸುವ ವಾಲ್ವ್ ಇರಬೇಕು.

ತಣ್ಣೀರಿನ ಕಡೆಯ ಜೋಡಣೆಯಲ್ಲೂ ಒಂದು ಎಚ್ಚರ ಬೇಕು. ಈ ಚಿಕ್ಕ ಯಂತ್ರವನ್ನು ದೊಡ್ಡ ಚಿಲ್ಲರ್‌ಗಳ ಸಾಲಿನಲ್ಲೇ ನಿಲ್ಲಿಸಿದರೆ, ಬೇಡಿಕೆ ಅರ್ಧವಾದಾಗ ಅದರ ಪಾಲೂ ಅರ್ಧವಾಗುತ್ತದೆ, ಜೊತೆಗೆ ಬಿಸಿಯೂ ಅರ್ಧವೇ ಸಿಗುತ್ತದೆ. ಅದರ ಬದಲು, ಕಟ್ಟಡದಿಂದ 12 ಡಿಗ್ರಿಯಲ್ಲಿ ವಾಪಸಾಗುವ ನೀರಿನ ಪೈಪಿನಿಂದಲೇ ಅದು ನೀರು ತೆಗೆದುಕೊಂಡು, ತಂಪುಮಾಡಿ, ಅದೇ ಪೈಪಿನಲ್ಲಿ ಸ್ವಲ್ಪ ಮುಂದಕ್ಕೆ ಬಿಡುವಂತೆ ಮಾಡಿದರೆ ಮೊದಲ 19 ಟನ್ ಯಾವಾಗಲೂ ಅದರದೇ. ಉಳಿದದ್ದನ್ನು ದೊಡ್ಡ ಯಂತ್ರಗಳು ನೋಡಿಕೊಳ್ಳುತ್ತವೆ. ಟ್ಯಾಂಕು ತುಂಬಿ ಇದು ನಿಂತರೂ ತಂಪಿಗೆ ಕುಂದು ಬರಬಾರದು. ಅದಕ್ಕಾಗಿ ಈ 19 ಟನ್ನನ್ನು ಮುಖ್ಯ ಚಿಲ್ಲರ್‌ಗಳ ಸಾಮರ್ಥ್ಯದಲ್ಲಿ ಸೇರಿಸದೆ ಬಿಡಬೇಕು. ಹಳೆಯ ಬಾಯ್ಲರ್ ಕೂಡ ಪೂರ್ಣ ಸಾಮರ್ಥ್ಯದೊಂದಿಗೆ ಸಿದ್ಧವಾಗಿಯೇ ಇರಬೇಕು.

ಉಳಿತಾಯದ ಲೆಕ್ಕ ಗಂಟೆಗೆ ಹೀಗೆ. ಅದೇ 19 ಟನ್ ತಂಪಿಗೆ ಮುಖ್ಯ ಚಿಲ್ಲರ್ ಸುಮಾರು 13 ಯೂನಿಟ್ ತಿನ್ನುತ್ತಿತ್ತು. ಮರುಬಳಕೆಯ ಯಂತ್ರ 33 ತಿನ್ನುತ್ತದೆ, ಅಂದರೆ 20 ಯೂನಿಟ್ ಹೆಚ್ಚು. ಅದರ ಬದಲಿಗೆ ಬಾಯ್ಲರ್ ಸುಡುತ್ತಿದ್ದ ಸುಮಾರು 12 ಲೀಟರ್ ಡೀಸೆಲ್ ಉಳಿಯುತ್ತದೆ. ಯೂನಿಟ್‌ಗೆ 9 ರೂಪಾಯಿ, ಲೀಟರಿಗೆ 90 ರೂಪಾಯಿ ಎಂದು ಹಿಡಿದರೆ 180 ರೂಪಾಯಿ ಕೊಟ್ಟು 1,080 ರೂಪಾಯಿ ಉಳಿಸಿದಂತೆ. ಬಾಯ್ಲರಿನ ಬದಲು ಸೋಲಾರ್ ಬಿಸಿನೀರು ಆಗಲೇ ಇರುವ ಆಸ್ಪತ್ರೆಗೆ ಈ ಲಾಭ ಬಹಳ ಕುಗ್ಗುತ್ತದೆ. ಇದಲ್ಲದೆ ಆ ಶಾಖ ಕೂಲಿಂಗ್ ಟವರ್‌ಗೆ ಹೋಗದ ಕಾರಣ ಗಂಟೆಗೆ ಸುಮಾರು 100 ಲೀಟರ್ ನೀರು ಆವಿಯಾಗುವುದೂ ತಪ್ಪುತ್ತದೆ. ಬೇಸಿಗೆಯಲ್ಲಿ ಟ್ಯಾಂಕರ್ ನೀರು ಕೊಳ್ಳುವ ಬೆಂಗಳೂರಿನ ಆಸ್ಪತ್ರೆಗಳಿಗೆ ಇದೂ ಲೆಕ್ಕಕ್ಕೆ ಬರುವ ಉಳಿತಾಯ.

ಈ ಅಂಕಿಗಳು ನಿಜವಾದವೇ ಎಂದು ತಿಳಿಯಲು ಯಂತ್ರದ ಬಿಸಿನೀರಿನ ಪೈಪಿಗೊಂದು ಶಾಖದ ಮೀಟರ್, ವಿದ್ಯುತ್ ಸಂಪರ್ಕಕ್ಕೊಂದು ಪ್ರತ್ಯೇಕ ಮೀಟರ್ ಇರಬೇಕು. ತಿಂಗಳ ಶಾಖವನ್ನು ತಿಂಗಳ ವಿದ್ಯುತ್ತಿನಿಂದ ಭಾಗಿಸಿದಾಗ ಮೂರರ ಆಸುಪಾಸಿನಲ್ಲಿ ಬರಬೇಕು. ಎರಡೂವರೆಗಿಂತ ಕೆಳಗಿಳಿದರೆ ಮೊದಲು ಸುತ್ತುನೀರಿನ ಜೋಡಣೆಯನ್ನೂ ಆಮೇಲೆ ಶಾಖ ವಿನಿಮಯಕದಲ್ಲಿ ಕಟ್ಟಿದ ಸುಣ್ಣದ ಪದರವನ್ನೂ ನೋಡಬೇಕು. ಬೋರ್‌ವೆಲ್ ನೀರು ಬಳಸುವ ಕಡೆ ಸಾಮಾನ್ಯವಾಗಿ ಎರಡನೆಯದೇ ಕಾರಣವಾಗಿರುತ್ತದೆ.