ದೀಪ ಆರಿದಾಗ ಏರುವುದು ಯಾವುದು?

ಪಿಯುಸಿ ಜೀವಶಾಸ್ತ್ರ ಓದುವವರನ್ನು ಎಡವಿಸುವ ಪ್ರಶ್ನೆಯೊಂದಿದೆ. ಬೆಳಕಿನಲ್ಲಿ ಭರದಿಂದ ಆಹಾರ ತಯಾರಿಸುತ್ತಿರುವ ಎಲೆಯೊಂದನ್ನು ತಟ್ಟನೆ ಕತ್ತಲಿಗೆ ತಳ್ಳುತ್ತೇವೆ. ಇಂಗಾಲದ ಡೈಆಕ್ಸೈಡ್ ಮಾತ್ರ ಮೊದಲಿನಂತೆಯೇ ಸಿಗುತ್ತಿರುತ್ತದೆ. ಮುಂದಿನ ಕೆಲವು ಕ್ಷಣಗಳಲ್ಲಿ ಎಲೆಯೊಳಗಿನ ಪಿಜಿಎ ಎಂಬ ವಸ್ತು ಹೆಚ್ಚುತ್ತದೆಯೋ, ಕಡಿಮೆಯಾಗುತ್ತದೆಯೋ? ಆರ್‌ಯುಬಿಪಿ ಎಂಬ ಇನ್ನೊಂದರ ಗತಿಯೇನು?

ಬೆಳಕೇ ಇಲ್ಲವೆಂದ ಮೇಲೆ ಎರಡೂ ಇಳಿಯಬೇಕು ಎಂದು ಹೆಚ್ಚಿನವರು ಬರೆಯುತ್ತಾರೆ. ನಿಜದಲ್ಲಿ ಪಿಜಿಎ ಏರುತ್ತದೆ, ಆರ್‌ಯುಬಿಪಿ ಇಳಿಯುತ್ತದೆ. ಇದು ಪ್ರಶ್ನೆಪತ್ರಿಕೆಗೆಂದು ಹೊಸೆದ ಒಗಟಲ್ಲ. ಅಮೆರಿಕದ ಬರ್ಕ್ಲಿಯಲ್ಲಿ ಮೆಲ್ವಿನ್ ಕ್ಯಾಲ್ವಿನ್, ಆಂಡ್ರ್ಯೂ ಬೆನ್ಸನ್, ಜೇಮ್ಸ್ ಬ್ಯಾಶಮ್ ಮತ್ತು ಸಂಗಡಿಗರು 1950ರ ದಶಕದಲ್ಲಿ ಇಂಗಾಲದ ದಾರಿಯನ್ನು ಪತ್ತೆ ಹಚ್ಚಿದ್ದರಲ್ಲಿ ಈ ಏರಿಳಿತಕ್ಕೆ ದೊಡ್ಡ ಪಾಲಿದೆ. ಅವರು ಹಸಿರು ಪಾಚಿಯನ್ನು ಚಪ್ಪಟೆಯಾದ ಗಾಜಿನ ಪಾತ್ರೆಯಲ್ಲಿಟ್ಟು ಬೆಳಕು ಬಿಡುತ್ತಿದ್ದರು. ಪಾತ್ರೆಯ ಆಕಾರ ಕಡ್ಡಿಮಿಠಾಯಿಯಂತಿದ್ದುದರಿಂದ ಅದಕ್ಕೆ ‘ಲಾಲಿಪಾಪ್’ ಎಂದೇ ಹೆಸರು ಬಿತ್ತು. ಅದಕ್ಕೆ ವಿಕಿರಣಶೀಲ ಇಂಗಾಲ-14 ಸೇರಿಸಿ, ಕೆಲವೇ ಸೆಕೆಂಡು ಬಿಟ್ಟು ಪಾಚಿಯನ್ನು ಬಿಸಿ ಆಲ್ಕೋಹಾಲಿಗೆ ಸುರಿಯುತ್ತಿದ್ದರು. ಜೀವಕೋಶದ ಕೆಲಸವೆಲ್ಲ ಅಲ್ಲಿಗೇ ನಿಲ್ಲುತ್ತಿತ್ತು. ಅದರ ಸಾರವನ್ನು ಕಾಗದದ ಮೇಲೆ ಹರಿಯಬಿಟ್ಟು ಬೇರ್ಪಡಿಸಿ, ಎಕ್ಸ್-ರೇ ಫಿಲ್ಮ್ ಒತ್ತಿದರೆ ಇಂಗಾಲ-14 ಎಲ್ಲೆಲ್ಲಿ ಸೇರಿದೆಯೋ ಅಲ್ಲೆಲ್ಲ ಕಪ್ಪು ಚುಕ್ಕೆ ಮೂಡುತ್ತಿತ್ತು. ಅತಿ ಕಡಿಮೆ ಹೊತ್ತಿನ ಪ್ರಯೋಗಗಳಲ್ಲಿ ದಟ್ಟವಾಗಿ ಕಂಡದ್ದು ಮೂರು ಇಂಗಾಲದ ಪಿಜಿಎ. ಈ ಕೆಲಸಕ್ಕೆ 1961ರ ರಸಾಯನಶಾಸ್ತ್ರದ ನೊಬೆಲ್ ಬಂದಾಗ ಅದು ಕ್ಯಾಲ್ವಿನ್ ಒಬ್ಬರಿಗೇ ಸಂದಿತು. ಬೆನ್ಸನ್ ಹೆಸರು ಅಲ್ಲಿರಬೇಕಿತ್ತು ಎನ್ನುವವರಲ್ಲಿ ನಾನೂ ಒಬ್ಬ.

ಪಿಜಿಎ ಯಾಕೆ ಏರುತ್ತದೆಂದು ತಿಳಿಯಲು ಅದನ್ನು ನೀರಿನ ತೊಟ್ಟಿಯೆಂದುಕೊಂಡು, ಒಳಗೆ ಬರುವ ನಲ್ಲಿ ಯಾವುದು, ಹೊರಗೆ ಹೋಗುವ ನಲ್ಲಿ ಯಾವುದು ಎಂದು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಒಳಗೆ ಬರುವುದು ಹೀಗೆ: ಐದು ಇಂಗಾಲದ ಆರ್‌ಯುಬಿಪಿಗೆ ರುಬಿಸ್ಕೊ ಎಂಬ ಕಿಣ್ವ ಒಂದು ಇಂಗಾಲದ ಡೈಆಕ್ಸೈಡನ್ನು ಸೇರಿಸುತ್ತದೆ. ಆರು ಇಂಗಾಲದ ಆ ಕೂಡಿಕೆ ಕೂಡಲೇ ಒಡೆದು ಎರಡು ಪಿಜಿಎ ಆಗುತ್ತದೆ. ಗಮನಿಸಬೇಕಾದ್ದು ಇಲ್ಲಿದೆ: ಈ ಹೆಜ್ಜೆಯಲ್ಲಿ ಎಟಿಪಿಯೂ ಖರ್ಚಾಗುವುದಿಲ್ಲ, ಎನ್‌ಎಡಿಪಿಎಚ್ ಕೂಡ ಖರ್ಚಾಗುವುದಿಲ್ಲ. ಇಂಗಾಲದ ಡೈಆಕ್ಸೈಡ್ ಬಳಕೆಯಾಗುವ ಜಾಗ ಒಂದು, ಬೆಳಕಿನಿಂದ ಗಳಿಸಿದ ಶಕ್ತಿ ಬಳಕೆಯಾಗುವ ಜಾಗ ಇನ್ನೊಂದು. ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವವರು ಇವೆರಡನ್ನೂ ಒಂದೇ ಜಾಗದಲ್ಲಿ ಕೂರಿಸಿರುತ್ತಾರೆ.

ಪಿಜಿಎ ಹೊರಗೆ ಹೋಗುವ ದಾರಿಯಲ್ಲಿ ಮಾತ್ರ ಎರಡೂ ಬೇಕು. ಪ್ರತಿ ಪಿಜಿಎಗೆ ಮೊದಲು ಒಂದು ಎಟಿಪಿ ತನ್ನ ಫಾಸ್ಫೇಟನ್ನು ಕೊಡುತ್ತದೆ. ಬಳಿಕ ಒಂದು ಎನ್‌ಎಡಿಪಿಎಚ್ ಎಲೆಕ್ಟ್ರಾನುಗಳನ್ನು ಕೊಟ್ಟು ಅದನ್ನು ಜಿ3ಪಿ ಎಂಬ ಮೂರು ಇಂಗಾಲದ ಸಕ್ಕರೆಯಾಗಿಸುತ್ತದೆ. ಬೆಳಕು ಹೋದರೆ ಇವೆರಡರ ಸರಬರಾಜು ನಿಲ್ಲುತ್ತದೆ, ಹೊರಗಿನ ನಲ್ಲಿ ಮುಚ್ಚುತ್ತದೆ. ಒಳಗಿನದು ಇದ್ದ ಆರ್‌ಯುಬಿಪಿ ತೀರುವವರೆಗೂ ಹರಿಯುತ್ತಲೇ ಇರುತ್ತದೆ. ಹಾಗಾಗಿ ಪಿಜಿಎ ತುಂಬುತ್ತದೆ. ಆರ್‌ಯುಬಿಪಿಯಾದರೋ ಖರ್ಚಾಗುತ್ತಿದೆ, ಹೊಸದಾಗಿ ಹುಟ್ಟುತ್ತಿಲ್ಲ. ಅದನ್ನು ಮರಳಿ ಕಟ್ಟುವ ಕೊನೆಯ ಹೆಜ್ಜೆಗೂ ಎಟಿಪಿಯೇ ಬೇಕು.

ಈಗ ಪ್ರಶ್ನೆಯನ್ನು ತಿರುಗಿಸೋಣ. ಬೆಳಕು ಹಾಗೇ ಇರಲಿ, ಇಂಗಾಲದ ಡೈಆಕ್ಸೈಡನ್ನು ಕಡಿತಗೊಳಿಸೋಣ. ಬರ್ಕ್ಲಿಯವರು ಇದನ್ನೂ ಮಾಡಿ ನೋಡಿದ್ದರು. ಫಲಿತಾಂಶವೂ ತಿರುಗಿತು: ಆರ್‌ಯುಬಿಪಿ ಏರಿತು, ಪಿಜಿಎ ಇಳಿಯಿತು. ಒಂದರ ಏರಿಕೆ ಇನ್ನೊಂದರ ಇಳಿಕೆಯ ಜೊತೆಗೇ ಬಂದದ್ದರಿಂದ, ಇಂಗಾಲದ ಡೈಆಕ್ಸೈಡ್ ಸೇರುವುದು ಆರ್‌ಯುಬಿಪಿಗೇ ಎಂಬ ಊಹೆಗೆ ಬಲ ಬಂತು. ಇದೇ ಪ್ರಶ್ನೆಯ ಬಾಲವಾಗಿ, ಆಗ ಆಮ್ಲಜನಕ ಹೊರಬರುವ ವೇಗ ಏನಾಗುತ್ತದೆ ಎಂದೂ ಕೇಳುವುದುಂಟು. ಆಮ್ಲಜನಕ ಬರುವುದು ನೀರು ಒಡೆದಾಗ. ಇಂಗಾಲದ ಡೈಆಕ್ಸೈಡಿಗೂ ಅದಕ್ಕೂ ಏನು ನಂಟು ಎನಿಸಬಹುದು. ಆದರೆ ಎನ್‌ಎಡಿಪಿಎಚ್ ಖರ್ಚಾಗದಿದ್ದರೆ ಅದು ಮರಳಿ ಎನ್‌ಎಡಿಪಿ ಆಗುವುದಿಲ್ಲ. ನೀರಿನಿಂದ ಹೊರಟ ಎಲೆಕ್ಟ್ರಾನುಗಳನ್ನು ಕೊನೆಯಲ್ಲಿ ಇಸಿದುಕೊಳ್ಳಬೇಕಾದ್ದು ಅದೇ. ಇಸಿದುಕೊಳ್ಳುವವರು ಕಡಿಮೆಯಾದಂತೆ ಆಮ್ಲಜನಕದ ಬಿಡುಗಡೆಯೂ ನಿಧಾನವಾಗುತ್ತದೆ.

ಇಷ್ಟಾದ ಮೇಲೆ ಲೆಕ್ಕ ಸಲೀಸು. ಮೂರು ಇಂಗಾಲದ ಡೈಆಕ್ಸೈಡ್ ಮೂರು ಆರ್‌ಯುಬಿಪಿಗೆ ಸೇರಿದರೆ ಆರು ಪಿಜಿಎ, ಅಂದರೆ 18 ಇಂಗಾಲ. ಅವು ಆರು ಜಿ3ಪಿ ಆಗಲು 6 ಎಟಿಪಿ, 6 ಎನ್‌ಎಡಿಪಿಎಚ್ ಬೇಕು. ಆರರಲ್ಲಿ ಒಂದೇ ಒಂದು ಜಿ3ಪಿ ಗಿಡಕ್ಕೆ ಸಿಗುವ ಲಾಭ. ಉಳಿದ ಐದರ 15 ಇಂಗಾಲ ಮತ್ತೆ ಮೂರು ಆರ್‌ಯುಬಿಪಿ ಆಗಬೇಕು, ಅದಕ್ಕೆ ಇನ್ನೂ 3 ಎಟಿಪಿ. ಒಟ್ಟು 9 ಎಟಿಪಿ, 6 ಎನ್‌ಎಡಿಪಿಎಚ್. ಗ್ಲೂಕೋಸಿನ ಆರು ಇಂಗಾಲಕ್ಕೆ ಇದರ ಎರಡರಷ್ಟು, 18 ಮತ್ತು 12. ಈ ಎರಡಂಕಿಯನ್ನು ಬಾಯಿಪಾಠ ಮಾಡಿದವರು, ಆರ್‌ಯುಬಿಪಿ ಕಟ್ಟಲು ಮಾತ್ರ ಎಷ್ಟು ಎಟಿಪಿ ಎಂದು ಕೇಳಿದರೆ ಸಿಕ್ಕಿಬೀಳುತ್ತಾರೆ. ಉತ್ತರ 18ರಲ್ಲಿ 6.

ಲೆಕ್ಕದ ಇನ್ನೊಂದು ಬದಿ ಥೈಲಕಾಯ್ಡ್ ಪೊರೆಯಲ್ಲಿದೆ. ಪಠ್ಯಪುಸ್ತಕಗಳು ಇದನ್ನು ಬೇಗ ದಾಟಿಬಿಡುತ್ತವೆ. 6 ಎನ್‌ಎಡಿಪಿಎಚ್‌ಗೆ 12 ಎಲೆಕ್ಟ್ರಾನ್ ಬೇಕು. ಅದಕ್ಕಾಗಿ ಆರು ನೀರಿನ ಅಣುಗಳು ಒಡೆದು ಮೂರು ಆಮ್ಲಜನಕದ ಅಣುಗಳು ಹೊರಬರುತ್ತವೆ. ಆ ಎಲೆಕ್ಟ್ರಾನುಗಳ ಓಟದಲ್ಲಿ ಸುಮಾರು 36 ಪ್ರೋಟಾನುಗಳು ಪೊರೆಯ ಒಳಬದಿಯಲ್ಲಿ ಸೇರುತ್ತವೆ. ಅವು ಮರಳಿ ಹರಿಯುವಾಗ ಎಟಿಪಿ ತಯಾರಾಗುತ್ತದೆ. 14 ಪ್ರೋಟಾನಿಗೆ 3 ಎಟಿಪಿ ಎಂಬುದು ಈಗಿನ ಅಂದಾಜು. ಹಾಗಾದರೆ ಸಿಗುವುದು ಎಂಟಕ್ಕೂ ಕಡಿಮೆ, ಬೇಕಾದದ್ದು ಒಂಬತ್ತು. ಈ ಕೊರತೆಯನ್ನು ತುಂಬಲು ಗಿಡ ಕೆಲವು ಎಲೆಕ್ಟ್ರಾನುಗಳನ್ನು ಎನ್‌ಎಡಿಪಿಗೆ ಕೊಡದೆ, ಮೊದಲನೆಯ ದ್ಯುತಿವ್ಯವಸ್ಥೆಯ ಸುತ್ತಲೇ ತಿರುಗಿಸುತ್ತದೆ. ಆ ಸುತ್ತಾಟದಲ್ಲಿ ನೀರು ಒಡೆಯುವುದಿಲ್ಲ, ಆಮ್ಲಜನಕ ಬರುವುದಿಲ್ಲ, ಎನ್‌ಎಡಿಪಿಎಚ್ ಆಗುವುದಿಲ್ಲ. ಎಟಿಪಿ ಮಾತ್ರ ಆಗುತ್ತದೆ. ಚಕ್ರೀಯ ಫಾಸ್ಫಾರಿಲೇಷನ್ ಎಂಬ ಪಾಠ ಪುಸ್ತಕದಲ್ಲಿ ಯಾಕಿದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ನನಗೆ ಕಂಡಿಲ್ಲ.

ಕೊನೆಯದಾಗಿ ಹೊಲದ ಪ್ರಶ್ನೆಯೊಂದು. ಕಬ್ಬಿನ ಗದ್ದೆಗಳಲ್ಲಿ ಬಳಸುವ ಡೈಯುರಾನ್ ಎಂಬ ಕಳೆನಾಶಕ ಎರಡನೆಯ ದ್ಯುತಿವ್ಯವಸ್ಥೆಯಿಂದ ಎಲೆಕ್ಟ್ರಾನ್ ಮುಂದೆ ಹೋಗದಂತೆ ತಡೆಯುತ್ತದೆ. ಅದು ಕಳೆಯ ಎಲೆಯೊಳಗೆ ಸೇರಿದ ಮೇಲೆ, ಮಟಮಟ ಮಧ್ಯಾಹ್ನದಲ್ಲಿ, ಪಿಜಿಎ ಏನಾಗುತ್ತದೆ? ಆಮ್ಲಜನಕ ಬರುವುದು ನಿಂತಿದೆ, ಎನ್‌ಎಡಿಪಿಎಚ್ ಇಲ್ಲ. ಚಕ್ರೀಯ ಓಟದಿಂದ ಅಷ್ಟಿಷ್ಟು ಎಟಿಪಿ ಆದರೂ ಪಿಜಿಎ ಸಕ್ಕರೆಯಾಗುವಂತಿಲ್ಲ. ಆದ್ದರಿಂದ ಬಿಸಿಲಲ್ಲಿದ್ದರೂ ಇಂಗಾಲದ ಲೆಕ್ಕದಲ್ಲಿ ಆ ಎಲೆ ಕತ್ತಲಿನಲ್ಲಿದೆ: ಪಿಜಿಎ ಉಳಿಯುತ್ತದೆ, ಆರ್‌ಯುಬಿಪಿ ಕರಗುತ್ತದೆ. ಆದರೆ ಕಳೆ ಬೇಗ ಸಾಯುವುದಕ್ಕೆ ಹಸಿವಲ್ಲ ಕಾರಣ. ಪತ್ರಹರಿತ್ತು ಬೆಳಕನ್ನು ಹೀರುತ್ತಲೇ ಇರುತ್ತದೆ. ಮುಂದಕ್ಕೆ ದಾಟಿಸಲು ದಾರಿಯಿಲ್ಲದ ಆ ಶಕ್ತಿ ಆಮ್ಲಜನಕವನ್ನು ಕೆರಳಿಸಿ ಎಲೆಯ ಪೊರೆಗಳನ್ನೇ ಹಾಳುಗೆಡವುತ್ತದೆ. ಅದೇ ಗಿಡವನ್ನು ನೆರಳಿನಲ್ಲಿಟ್ಟರೆ ಸಾವು ನಿಧಾನ.