ಒಂದು ಮನೆಗೆ ಹಗಲು, ಎದುರು ಮನೆಗೆ ಮಬ್ಬು

ಮುಸ್ಸಂಜೆಯ ಹೊತ್ತಿನ ಬ್ಯಾಡಗಿಯ ಒಂದು ಓಣಿಯನ್ನು ಕಲ್ಪಿಸಿಕೊಳ್ಳಿ. ಮೂಲೆಮನೆಯ ಪಡಸಾಲೆಯಲ್ಲಿ ಉರಿಯುತ್ತಿದ್ದ ಒಂಟಿ ಬಲ್ಬು ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಂತೆ ಬೆಳಗುತ್ತದೆ. ಅದೇ ಗಳಿಗೆಯಲ್ಲಿ ಎದುರು ಮನೆಯ ನಾಲ್ಕು ಬಲ್ಬುಗಳು ಬೂದಿ ಮುಚ್ಚಿದ ಕೆಂಡದಂತೆ ಮಂಕಾಗುತ್ತವೆ. ಒಂದೇ ಕಂಬದಿಂದ ಬಂದ ವಿದ್ಯುತ್ತು ಹೀಗೇಕೆ ಪಕ್ಷಪಾತ ಮಾಡಿತು?

ಹಾವೇರಿಯಲ್ಲಾಗಲಿ ರಾಣೆಬೆನ್ನೂರಿನಲ್ಲಾಗಲಿ, ಟ್ರಾನ್ಸ್‌ಫಾರ್ಮರಿನಿಂದ ಓಣಿಗೆ ಬರುವುದು ಮೂರು ಫೇಜ್ ತಂತಿಗಳು ಮತ್ತು ಎಲ್ಲಕ್ಕೂ ಸಾಮಾನ್ಯವಾದ ಒಂದು ನ್ಯೂಟ್ರಲ್. ಒಂದೊಂದು ಮನೆಗೆ ಒಂದೊಂದು ಫೇಜನ್ನು ಹಂಚಿರುತ್ತಾರೆ. ಫೇಜಿಗೂ ನ್ಯೂಟ್ರಲ್‌ಗೂ ನಡುವೆ 230 ವೋಲ್ಟ್. ಎರಡು ಫೇಜ್‌ಗಳ ನಡುವೆ 400. ಮನೆಗಳನ್ನು ಹಾದುಬಂದ ವಿದ್ಯುತ್ತಿಗೆ ನ್ಯೂಟ್ರಲ್ಲೇ ಮರಳುವ ದಾರಿ. ಒಬ್ಬರ ಬಳಕೆ ಇನ್ನೊಬ್ಬರನ್ನು ತಟ್ಟದಂತೆ ಕಾಯುವುದೂ ಅದೇ.

ಗಾಳಿಗೋ ತುಕ್ಕಿಗೋ ಕಂಬದ ಮೇಲಿನ ನ್ಯೂಟ್ರಲ್ ಜೋಡಣೆ ಕಳಚಿತೆನ್ನಿ. ಆಗ ಮೂಲೆಮನೆಯಿಂದ ಹೊರಟ ವಿದ್ಯುತ್ತು ಟ್ರಾನ್ಸ್‌ಫಾರ್ಮರಿಗೆ ಮರಳಲಾರದೆ, ಬೇರೆ ಫೇಜಿನಲ್ಲಿರುವ ಎದುರು ಮನೆಯನ್ನು ಹಾದು ಹೋಗಬೇಕಾಗುತ್ತದೆ. ಎರಡು ಮನೆಗಳೂ ಒಂದೇ ಸರಣಿಯಲ್ಲಿ ಸಿಕ್ಕಿ, 400 ವೋಲ್ಟನ್ನು ಹಂಚಿಕೊಳ್ಳುತ್ತವೆ.

ಈ ಪಾಲು ಸಮಪಾಲಲ್ಲ. ಬಲ್ಬುಗಳೆಲ್ಲ 100 ವಾಟಿನ ತಂತಿ ಬಲ್ಬುಗಳೆಂದು ಇಟ್ಟುಕೊಳ್ಳೋಣ. ಒಂಟಿ ಬಲ್ಬಿನ ತಡೆ ಎದುರು ಮನೆಯ ನಾಲ್ಕು ಬಲ್ಬುಗಳ ಒಟ್ಟು ತಡೆಯ ನಾಲ್ಕು ಪಟ್ಟು. ಆದ್ದರಿಂದ ಮೂಲೆಮನೆಗೆ 320 ವೋಲ್ಟ್, ಎದುರು ಮನೆಗೆ ಕೇವಲ 80. ಇದು ಸ್ಥೂಲ ಲೆಕ್ಕ. ಕಾದಷ್ಟೂ ಬಲ್ಬಿನ ತಂತಿಯ ತಡೆ ಹೆಚ್ಚುವುದರಿಂದ ಅಂತರ ಇನ್ನೂ ದೊಡ್ಡದಾಗುತ್ತದೆ. ಮಿತವಾಗಿ ದೀಪ ಉರಿಸಿದವರಿಗೇ ದಂಡ! ಎದುರು ಮನೆಯವರು ಇನ್ನೊಂದು ಸ್ವಿಚ್ಚು ಹಾಕಿದರೆ ಮೂಲೆಮನೆಯ ಬಲ್ಬು ಮತ್ತಷ್ಟು ಬೆಳಗುತ್ತದೆ.

ಈ ದೋಷದ ಗುರುತೂ ಅದೇ. ಒಂದು ಕಡೆ ಸ್ವಿಚ್ಚು ಹಾಕಿದೊಡನೆ ಇನ್ನೊಂದು ಕಡೆ ಬೆಳಕು ಏರಿದರೆ ನ್ಯೂಟ್ರಲ್ಲನ್ನು ಶಂಕಿಸಬೇಕು. ಒಂದೇ ಫೇಜಿನ ಮನೆಯಲ್ಲಿ, ಆ ಮನೆಯ ನ್ಯೂಟ್ರಲ್ ಮಾತ್ರ ಕಡಿದರೆ ಹೀಗಾಗದು. ದೀಪಗಳು ಆರಿಹೋಗುತ್ತವೆ, ಅಷ್ಟೆ. ಇಂದಿನ ಎಲ್‌ಇಡಿ ದೀಪಗಳನ್ನು ನೋಡಿ ನಿಶ್ಚಿಂತರಾಗಬಾರದು. ವೋಲ್ಟೇಜು ಏರಿದರೂ ಅನೇಕ ದೀಪಗಳು ಬೆಳಕನ್ನು ಹೆಚ್ಚಿಸದೆ ಒಳಗೇ ಸುಟ್ಟುಹೋಗುತ್ತವೆ.

ಫ್ಯೂಸು ಕಾಪಾಡೀತೆಂಬ ನಂಬಿಕೆಯೂ ಇಲ್ಲಿ ಸಲ್ಲದು. ಫ್ಯೂಸು ಕರಗುವುದು ಹೆಚ್ಚು ಕರೆಂಟು ಹರಿದಾಗ. ಇಲ್ಲಿ ಏರಿರುವುದು ವೋಲ್ಟೇಜು. 320 ವೋಲ್ಟಿನಲ್ಲಿಯೂ ಆ ಒಂಟಿ ಬಲ್ಬು ಎಳೆಯುವ ಕರೆಂಟು ಒಂದು ಆಂಪಿಯರನ್ನು ಮುಟ್ಟುವುದಿಲ್ಲ. ಫ್ಯೂಸು ಸುಮ್ಮನಿರುವಾಗಲೇ ಟೀವಿಯೂ ಫ್ರಿಜ್ಜೂ ಹಾಳಾಗಬಹುದು.

ಆದುದರಿಂದ ಕೂಡಲೇ ಮೇನ್ ಸ್ವಿಚ್ಚನ್ನು ತೆಗೆಯಿರಿ; ನೆರೆಯವರಿಗೂ ಹೇಳಿ, 1912ಕ್ಕೆ ದೂರು ಕೊಡಿ. ನ್ಯೂಟ್ರಲ್ ತಂತಿಯೆಂದು ಕೈಯಿಡಬೇಡಿ. ಕಡಿದ ಮೇಲೆ ಮನೆಗಳ ಕಡೆಯ ತುದಿಯಲ್ಲಿಯೂ ಪ್ರಾಣಾಂತಕ ವಿದ್ಯುತ್ತು ಇರಬಲ್ಲುದು. ಲೈನ್‌ಮನ್ ಬಂದು ಜೋಡಣೆಯನ್ನು ಬಿಗಿದ ಬಳಿಕವೇ ಓಣಿಯ ಎರಡೂ ಬದಿಗೆ ಸಮನಾದ ಬೆಳಕು.